ಎರಡು ಕೆನ್ನೆಗೆ ಎರಡು ನೆರಳು

ದೊಡ್ಡಪ್ಪನ ಸ್ಟುಡಿಯೋದಲ್ಲಿ ಎರಡು ಛತ್ರಿ ದೀಪಗಳಿವೆ. ಕೂತವರ ಎಡಕ್ಕೊಂದು, ಬಲಕ್ಕೊಂದು. ಎತ್ತರವೂ ಒಂದೇ, ಬೆಳಕೂ ಒಂದೇ. ಮುಖದ ಮೇಲೆ ಚೂರೂ ನೆರಳು ಉಳಿಯುವುದಿಲ್ಲ ಎಂಬುದು ಅವರ ಹೆಮ್ಮೆ. ಅದರಿಂದಲೇ ಮುಖಗಳೆಲ್ಲ ಚಪ್ಪಟೆಯಾಗಿ ಬರುತ್ತವೆ ಎಂಬುದು ದೊಡ್ಡಮ್ಮನ ದೂರು. ಇವರು ಒರೆಸಿ ಹಾಕಿದ್ದನ್ನು ನಾನು ಮತ್ತೆ ಬರೆಯಬೇಕು ಎಂದು ಬ್ರಷ್ ತೊಳೆಯುತ್ತಾ ಗೊಣಗುತ್ತಾಳೆ.

ಫೋಟೋಕ್ಕೆ ಬಂದವರಿಗೆ ಮೇಕಪ್ ಮಾಡುವುದು ಅವಳ ಕೆಲಸ. ಕೆನ್ನೆಯ ಮೂಳೆಯ ಕೆಳಗಿನ ತಗ್ಗಿಗೆ, ಹಣೆಯ ಎರಡು ಬದಿಗೆ, ದವಡೆಯ ಅಂಚಿಗೆ ಚರ್ಮಕ್ಕಿಂತ ತುಸು ಗಾಢವಾದ, ಹೊಳಪಿಲ್ಲದ ಬೂದುಗಂದು ಪುಡಿ. ಮೂಳೆಯ ಮೇಲೆ, ಮೂಗಿನ ನೇರಕ್ಕೆ, ಗಲ್ಲದ ನಡುವೆ ತಿಳಿ ಬಣ್ಣ. ಗಾಢವಾದದ್ದು ಹಿಂದೆ ಸರಿದಂತೆ, ತಿಳಿಯಾದದ್ದು ಮುಂದೆ ಬಂದಂತೆ ಕಾಣುತ್ತದೆ. ಮಿನುಗುವ ಪುಡಿಯನ್ನು ಅವಳು ಮುಟ್ಟುವುದಿಲ್ಲ. ಫ್ಲ್ಯಾಶ್ ಬಿದ್ದರೆ ಅದು ಬೆವರಿನ ಹಾಗೆ ಕಾಣುತ್ತದಂತೆ.

ಫಿಲಂ ಇದ್ದ ಕಾಲದಲ್ಲಿ ಅವಳು ನೆಗೆಟಿವ್ ಮೇಲೆ ಪೆನ್ಸಿಲ್‌ನಿಂದ ಮುಖ ತಿದ್ದುತ್ತಿದ್ದಳು. ನೆಗೆಟಿವ್‌ನಲ್ಲಿ ಎಲ್ಲ ತಿರುವುಮುರುವು: ಕಪ್ಪು ಗೀಟಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಆ ಕೆಲಸ ನಿಂತುಹೋಗಿ ಬ್ರಷ್ ಹಿಡಿದಾಗ ಕೈ ಹಳೆಯ ಅಭ್ಯಾಸ ಬಿಡಲಿಲ್ಲ. ಗಾಢ ಪುಡಿಯನ್ನು ಸೀದಾ ಕೆನ್ನೆಯ ಮೂಳೆಯ ಮೇಲೇ ಹಚ್ಚಿದಳು. ಮೊದಲ ಗಿರಾಕಿ ಎರಡೂ ಕೆನ್ನೆಗೆ ಏಟು ತಿಂದವಳ ಹಾಗಿದ್ದಳು ಎಂದು ದೊಡ್ಡಪ್ಪ ನೆಂಟರ ಮುಂದೆಲ್ಲ ಹೇಳಿ ನಗುತ್ತಾರೆ.

ಹೋದ ತಿಂಗಳು ಎದುರು ಸಾಲಿನ ದರ್ಜಿ ಹೆಂಗಸು ಬಂದರು. ಒಂದೂವರೆ ವರ್ಷದ ಹಿಂದೆ ಅವರ ಮುಖದ ಬಲಭಾಗದ ನರ ಸೋತಿತ್ತು. ಬಹುಪಾಲು ವಾಸಿಯಾಗಿದ್ದರೂ ಆ ಕೆನ್ನೆ ಇಳಿದು, ಮಡಿಕೆಯೇ ಇಲ್ಲದೆ ನುಣ್ಣಗೆ ಉಳಿದಿತ್ತು. ಆಮೇಲೆ ಅವರು ಯಾವ ಫೋಟೋದಲ್ಲೂ ನಿಂತಿರಲಿಲ್ಲ. ಈಗ ಮಗ, ಸೊಸೆ, ಮೊಮ್ಮಗಳು ಮನೆಮಂದಿಯೆಲ್ಲ ಸೇರಿದ ಫೋಟೋ ಬೇಕೆಂದು ಹಟ ಹಿಡಿದು ಕೆಳಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ದರ್ಜಿಯಮ್ಮನ ಷರತ್ತು ಒಂದೇ: ಮೊದಲು ತನ್ನೊಬ್ಬಳದೇ ತೆಗೆಯಬೇಕು. ಅದು ತನಗೆ ಒಪ್ಪಿಗೆಯಾಗದಿದ್ದರೆ ಉಳಿದವರು ತನ್ನನ್ನು ಬಿಟ್ಟು ತೆಗೆಸಿಕೊಳ್ಳಬೇಕು.

ದೊಡ್ಡಮ್ಮ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಎರಡೂ ಕೆನ್ನೆಗೆ ಅಳೆದಂತೆ ಒಂದೇ ಸಮ ನೆರಳು, ಒಂದೇ ಸಮ ತಿಳಿ. ದೊಡ್ಡಪ್ಪ ಫೋಟೋ ತೆಗೆದು ತೋರಿಸಿದರು. ದರ್ಜಿಯಮ್ಮ ನೋಡಿ ಕ್ಯಾಮೆರಾ ವಾಪಸು ಕೊಟ್ಟರು.

"ನೀವು ಚೆನ್ನಾಗೇ ಮಾಡಿದ್ದೀರಿ ಅಕ್ಕಾ. ಮುಖಾನೇ ಸಾಲದು," ಎಂದು ಸೆರಗು ಸರಿಮಾಡಿಕೊಂಡು ಎದ್ದರು.

ದೊಡ್ಡಮ್ಮ ಕ್ಯಾಮೆರಾ ಕೇಳಿ ಪಡೆದು ಆ ಫೋಟೋವನ್ನು ಕಪ್ಪುಬಿಳುಪು ಮಾಡಿ ನೋಡಿದಳು. ನೆಗೆಟಿವ್ ತಿದ್ದಿ ಪಳಗಿದ ಅವಳ ಕಣ್ಣಿಗೆ ಬಣ್ಣ ಹೋದ ಮೇಲೇ ಸರಿಯಾಗಿ ಕಾಣುತ್ತದೆ. ಸೋಲದ ಎಡಗೆನ್ನೆಯಲ್ಲಿ ಮೊದಲೇ ಇದ್ದ ತಗ್ಗು ಇನ್ನೂ ಆಳಕ್ಕಿಳಿದಿತ್ತು. ಅದರ ಪಕ್ಕದಲ್ಲಿ ಬಲಗೆನ್ನೆ ಮೊದಲಿನಷ್ಟೇ ಚಪ್ಪಟೆಯಾಗಿ ಕಾಣುತ್ತಿತ್ತು. ಅವಳ ಕೈಯೇ ವ್ಯತ್ಯಾಸವನ್ನು ಹೆಚ್ಚು ಮಾಡಿತ್ತು. ಅದನ್ನು ಹಾಗೆಯೇ ಅವರಿಗೆ ತೋರಿಸಿದಳು.

ದರ್ಜಿಯಮ್ಮ ಬಗ್ಗಿ ನೋಡಿದರು. ಈ ಸಲ ಅವರು ತಮ್ಮ ಮುಖ ನೋಡುತ್ತಿರಲಿಲ್ಲ, ಕೆಲಸ ನೋಡುತ್ತಿದ್ದರು.

"ಒಂದು ಭುಜ ಇಳಿದವರು ಬ್ಲೌಸ್ ಹೊಲಿಸೋಕೆ ಬಂದ್ರೆ ನಾವು ಆ ಒಂದು ಕಡೆ ಮಾತ್ರ ಪ್ಯಾಡ್ ಇಡ್ತೀವಿ ಅಕ್ಕಾ. ಎರಡೂ ಕಡೆ ಇಟ್ರೆ ಮತ್ತೆ ಸೊಟ್ಟಾನೇ."

ದೊಡ್ಡಮ್ಮ ಅವರನ್ನು ಮತ್ತೆ ಕೂರಿಸಿ ಎಲ್ಲವನ್ನೂ ಒರೆಸಿದಳು. ಎಡಗಡೆ ಮೂಗಿನಿಂದ ಬಾಯಿಗೆ ಇಳಿಯುವ ಮಡಿಕೆಯೊಳಗೆ ತಿಳಿ ಬಣ್ಣ ತುಂಬಿ ಅದನ್ನು ಮೆದುವಾಗಿಸಿದಳು. ಆ ಕಡೆಯ ತಗ್ಗಿಗೆ ಏನೂ ಹಚ್ಚಲಿಲ್ಲ. ಬಲಗಡೆ ಇಲ್ಲದ ಮಡಿಕೆಯ ಜಾಗದಲ್ಲಿ ಸಣ್ಣ ಬ್ರಷ್‌ನಿಂದ ನೆರಳಿನ ಎಳೆಯೊಂದನ್ನು ಬಿಟ್ಟು ಅಂಚು ಕರಗುವವರೆಗೆ ತಟ್ಟಿದಳು. ಮೂಳೆಯ ಕೆಳಗೆ ನೆರಳು, ಮೇಲೆ ತಿಳಿ, ಎರಡೂ ಆ ಒಂದೇ ಕೆನ್ನೆಗೆ.

"ರೀ, ಆ ಬಲಗಡೆ ದೀಪ ಸ್ವಲ್ಪ ಹಿಂದಕ್ಕೆ ಸರಿಸಿ."

"ನೆರಳು ಬೀಳುತ್ತಲ್ಲೇ."

"ಬೀಳಲಿ ಅಂತಲೇ ಹೇಳಿದ್ದು."

ದೊಡ್ಡಪ್ಪ ಮಗುವನ್ನು ಬೇರೆಯವರ ಕೈಗೆ ಕೊಡುವವರ ಹಾಗೆ ದೀಪ ಸರಿಸಿದರು.

ಎರಡನೆಯ ಫೋಟೋವನ್ನು ದರ್ಜಿಯಮ್ಮ ಬಹಳ ಹೊತ್ತು ನೋಡಿದರು. ಬಾಯಿ ಇನ್ನೂ ತುಸು ವಾರೆಯೇ ಇತ್ತು, ಅದನ್ನು ಯಾವ ಪುಡಿಯೂ ತಿದ್ದುವುದಿಲ್ಲ. ಕೆನ್ನೆಗಳು ಮಾತ್ರ ಒಬ್ಬರದೇ ಕೆನ್ನೆಗಳಾಗಿದ್ದವು. ಅವರೇ ಬಾಗಿಲಿಗೆ ಹೋಗಿ ಮೆಟ್ಟಿಲ ಕಡೆ ಕೂಗಿ ಎಲ್ಲರನ್ನೂ ಕರೆದರು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಡುವಿನ ಕುರ್ಚಿಯಲ್ಲಿ ಕೂತರು.

ಐದು ಫೋಟೋ ತೆಗೆದರು. ನಾಲ್ಕನೆಯದರಲ್ಲಿ ಮೊಮ್ಮಗಳು ಏನೋ ಹೇಳಿದ್ದಕ್ಕೆ ಅವರು ನಕ್ಕುಬಿಟ್ಟಿದ್ದರು. ಬಾಯಿ ಒಂದೇ ಕಡೆಗೆ ಎಳೆದುಕೊಂಡಿತ್ತು. ದೊಡ್ಡಮ್ಮನಿಗೆ ಅದೇ ಇಷ್ಟವಾಗಿತ್ತು. ದರ್ಜಿಯಮ್ಮ ಅದನ್ನು ಅಳಿಸಿ ಎಂದರು. ದೊಡ್ಡಮ್ಮ ಒತ್ತಾಯ ಮಾಡಲಿಲ್ಲ, ಅವರ ಎದುರಿನಲ್ಲೇ ಅಳಿಸಿದಳು. ಐದನೆಯದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋದರು. ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ, ಬಂದವರ ಕಣ್ಣಿಗೆ ಬೀಳುವ ಹಾಗೆ ಅದನ್ನು ತೂಗುಹಾಕಿದ್ದಾರೆ.