ಇಪ್ಪತ್ತನಾಲ್ಕು ತಾಸಿನ ಚೀಟಿ

ಇಂಡಿ ತಾಲೂಕಿನ ನರ್ಸ್ ಇಂದ್ರಾಬಾಯಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಎದೆಹಾಲು ಬಿಡಿಸಬೇಡಿ ಎಂದು ಇಪ್ಪತ್ತು ವರ್ಷ ಊರೂರು ತಿರುಗಿ ಹೇಳಿದವಳು ಅವಳು. ೨೦೦೫ರಲ್ಲಿ ಒಂದು ದಿನ ಚಡಚಣದ ಮನೆಯೊಂದಕ್ಕೆ ಹೋದಾಗ ಮೂರು ತಿಂಗಳ ಕೂಸು ಅತ್ತು ಅತ್ತು ಬಿಕ್ಕುತ್ತಿತ್ತು. ತಾಯಿ ಪ್ರಿಯದರ್ಶಿನಿ ಎದೆಹಾಲನ್ನು ಬಟ್ಟಲಿಗೆ ಹಿಂಡುತ್ತಿದ್ದಳು.

"ನಿನ್ನೆ ಬಿಜಾಪುರದಾಗ ಔಷಧ ಚುಚ್ಚಿ ಹೊಟ್ಟಿದು ಸಿಟಿ ಸ್ಕ್ಯಾನ್ ಮಾಡ್ಯಾರ್ರಿ. ಇಪ್ಪತ್ನಾಕು ತಾಸು ಹಾಲು ಚೆಲ್ಲು ಅಂತ ಚೀಟಿ ಕೊಟ್ಟಾರ. ಕೂಸು ಬಾಟ್ಲಿಗೆ ಬಾಯಿ ಹಚ್ಚವಲ್ದು."

ಇಂದ್ರಾಬಾಯಿ ಚೀಟಿಯ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದಳು. ಸ್ಕ್ಯಾನ್ ಡಾಕ್ಟರೇ ಎತ್ತಿದರು.

"ಕುಡಿಸ್ಲಿ ಬಿಡ್ರಿ ಸಿಸ್ಟರ್. ಆ ಔಷಧ ನೂರಕ್ಕ ಒಂದು ಪಾಲೂ ಹಾಲಿಗೆ ಇಳಿಯೂದಿಲ್ಲ. ಇಳಿದದ್ದರಾಗ ಕೂಸಿನ ಕರುಳು ಹೀರೂದೂ ನೂರಕ್ಕ ಒಂದಕ್ಕಿಂತ ಕಡಿಮಿ. ಹೊಸ ಮಾರ್ಗಸೂಚಿ ಹಂಗ ಹೇಳತೈತಿ. ವಿಕಿರಣದ ಔಷಧ ಚುಚ್ಚೂ ಐಸೋಟೋಪ್ ಸ್ಕ್ಯಾನ್ ಆಗಿದ್ರ ಮಾತು ಬ್ಯಾರೆ."

"ಮತ್ತ ಈ ಚೀಟಿ?"

"ಅದು ಹಳೇದ್ರಿ. ಎರಡು ಸಾವಿರ ಅಚ್ಚು ಹಾಕಿಸಿದ್ವಿ, ತೀರ್ಲಿ ಅಂತ..."

ಕೂಸನ್ನೆತ್ತಿ ತಾಯಿಯ ಮಡಿಲಿಗೆ ಹಾಕಿ ಇಂದ್ರಾಬಾಯಿ ಫೋನಿನಲ್ಲಿ ಚೀರಿದಳು: "ತಾಯಿ ಹಾಲು ಚೆಲ್ಲಾಕ ಬರ್ತೈತಿ, ನಿಮ್ಮ ಚೀಟಿ ಚೆಲ್ಲಾಕ ಬರೂದಿಲ್ಲೇನ್ರಿ?"