ಮನೆ ಹತ್ತಿಯ ದರ

ಐವತ್ತರ ದಶಕದ ಕೊನೆಯಲ್ಲಿ ನಾನು ಲೆಕ್ಕಪರಿಶೋಧಕನ ಪರೀಕ್ಷೆ ಪಾಸು ಮಾಡಿ ಗದಗಿನಲ್ಲಿ ಒಂದು ಕೋಣೆ ಹಿಡಿದು ಕುಳಿತೆ. ಬೋರ್ಡಿನ ಬಣ್ಣ ಇನ್ನೂ ಆರಿರಲಿಲ್ಲ, ಆಗಲೇ ಗಜೇಂದ್ರಗಡದ ಒಂದು ಹತ್ತಿ ಗಿರಣಿಯ ಕೆಲಸ ಬಂತು. ಹತ್ತಿಯಿಂದ ಬೀಜ ಬಿಡಿಸಿ, ಅರಳೆ ಒತ್ತಿ ಅಂಡಿಗೆ ಕಟ್ಟುವ ಗಿರಣಿ ಅದು. ಹೆಸರಿಗೆ ಕಂಪನಿ, ಷೇರೆಲ್ಲ ಒಂದೇ ಬಳಗದವರ ಕೈಯಲ್ಲಿ. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅಲ್ಲಿ ಏನು ಕಾದಿದೆ ಎಂದು ಗೊತ್ತಿದ್ದರೆ ಬೋರ್ಡು ಕಿತ್ತಿಟ್ಟು ಊರಿಗೆ ಹೋಗಿ ಮಾಸ್ತರಿಕೆ ಮಾಡುತ್ತಿದ್ದೆ.

ಆ ವರ್ಷ ಗಿರಣಿಯ ಯಜಮಾನರ ತಮ್ಮ ತೀರಿಕೊಂಡಿದ್ದರು. ಅವರ ಹೆಂಡತಿಗೆ ಅರವತ್ತು ಷೇರು ಬಂದವು. ಆಕೆಗೆ ಮಾರಬೇಕಿತ್ತು. ಊರಲ್ಲಿ ಒಬ್ಬರು ಮಗ್ಗದ ಮನೆ ಬಿಟ್ಟು ಇಳಕಲ್ಲಿಗೆ ಹೋಗುವವರಿದ್ದರು. ಮನೆ, ಎಂಟು ಮಗ್ಗ, ನೂಲು ಎಲ್ಲ ಸೇರಿ ಒಂಬತ್ತು ಸಾವಿರ ಕೇಳಿದ್ದರು. ಆ ಮನೆ ಕೈಗೆ ಬಂದರೆ ಆಕೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಸ್ವಂತ ಕಾಲ ಮೇಲೆ ನಿಲ್ಲಬಹುದು. ಬರದಿದ್ದರೆ ಭಾವನ ಮನೆಯ ಒಂದು ಮೂಲೆ, ಭಾವ ಹಾಕಿದ ಕೂಳು. ಕಂಪನಿಯ ನಿಯಮ ಹೀಗಿತ್ತು: ಷೇರನ್ನು ಮೊದಲು ಬಳಗದವರಿಗೇ ಕೊಡಬೇಕು, ಬೆಲೆ ಲೆಕ್ಕಪರಿಶೋಧಕ ಹೇಳಿದ್ದು. ಒಂದು ತಿಂಗಳೊಳಗೆ ಅವರು ಕೊಳ್ಳದಿದ್ದರೆ ಹೊರಗಿನವರಿಗೆ ಮಾರಬಹುದು. ಅಂದರೆ ಆ ಹೆಣ್ಣುಮಗಳ ಬಾಳು ನನ್ನಂಥ ಎಳಸಿನ ಪೆನ್ನಿನ ತುದಿಗೆ ಬಂದು ಕುಳಿತಿತ್ತು.

ಮಾರುಕಟ್ಟೆಯಲ್ಲಿ ಓಡಾಡದ ಷೇರಿಗೆ ಬೆಲೆ ಕಟ್ಟುವುದು ಹೇಗೆ? ಓಡಾಡುವ, ಅದೇ ಜಾತಿಯ ಕಂಪನಿಗಳನ್ನು ಹುಡುಕಬೇಕು. ಅವುಗಳ ಷೇರು ಒಂದು ವರ್ಷದ ಲಾಭದ ಎಷ್ಟು ಪಟ್ಟಿಗೆ ಹೋಗುತ್ತಿದೆ ನೋಡಬೇಕು. ಆ ಪಟ್ಟನ್ನು ತಂದು ನಮ್ಮ ಕಂಪನಿಯ ಲಾಭಕ್ಕೆ ಹಚ್ಚಬೇಕು. ಹೊಲದವರಿಗೆ ಇದೇನು ಹೊಸದಲ್ಲ. ಇಷ್ಟು ವರ್ಷದ ಲಾವಣಿಗೆ, ಅಂದರೆ ಗೇಣಿಗೆ, ಇಷ್ಟು ಬೆಲೆ ಎಂದು ಅವರೂ ಹೊಲ ಕೊಳ್ಳುತ್ತಾರೆ. ಆದರೆ ಅಸೂಟಿಯ ಕಪ್ಪು ಎರಿ ಹೊಲದ ಲೆಕ್ಕ ತಂದು ರಾಜೂರಿನ ಗುಡ್ಡದ ಮಗ್ಗುಲಿನ ಕೆಂಪು ಮಸಾರಿಗೆ ಹಚ್ಚಿದರೆ ನಗುತ್ತಾರೆ. ನನ್ನ ಹೆದರಿಕೆ ಅದೇ ಇತ್ತು. ಯಾವ ಹೊಲವನ್ನು ಯಾವುದರ ಪಕ್ಕ ಇಡಲಿ?

ಯಜಮಾನರು ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟಿದ್ದರು. ಕೆಟ್ಟ ಮನುಷ್ಯರೇನಲ್ಲ. ಎಣ್ಣೆಗಾಯಿ ಪಲ್ಯ ಬಡಿಸಿ, ಇನ್ನೊಂದು ರೊಟ್ಟಿ ಹಾಕಿಸಿ, ನರಗುಂದದ ಕಡೆಯ ಒಂದು ಗಿರಣಿಯ ಮಾತು ತೆಗೆದರು. ನಮ್ಮಷ್ಟೇ ದೊಡ್ಡದು, ನಮ್ಮ ಹಾಗೇ ರೈಲಿಲ್ಲದ ಊರು, ಅದರ ಷೇರು ಮೊನ್ನೆ ಲಾಭದ ನಾಲ್ಕು ಪಟ್ಟಿಗೆ ಹೋಯಿತು ಎಂದರು. ನಮ್ಮ ಕಂಪನಿಗೆ ವರ್ಷಕ್ಕೆ ಸರಾಸರಿ ಹನ್ನೆರಡು ಸಾವಿರ ಲಾಭ, ಷೇರು ಆರುನೂರು. ಷೇರಿಗೆ ಇಪ್ಪತ್ತು ರೂಪಾಯಿ ಬಿತ್ತು. ನಾಲ್ಕು ಪಟ್ಟೆಂದರೆ ಎಂಬತ್ತು. ಆಕೆಯ ಅರವತ್ತು ಷೇರಿಗೆ ಐದು ಸಾವಿರವೂ ಆಗುವುದಿಲ್ಲ.

ನಾನು ಬಸ್ಸು ಹತ್ತಿ ನರಗುಂದಕ್ಕೇ ಹೋದೆ. ಗಿರಣಿಯ ಬಾಗಿಲಿಗೆ ಕೀಲಿ, ಅಂಗಳದಲ್ಲಿ ಜಾಲಿ ಬೆಳೆದಿತ್ತು. ಸುತ್ತಿನ ಗಿರಣಿಗಳು ಪೈಪೋಟಿ ಬೇಡವೆಂದು ಒಪ್ಪಂದ ಮಾಡಿಕೊಂಡು ಇದನ್ನು ಮುಚ್ಚಿಸಿದ್ದವು. ಸುಮ್ಮನಿದ್ದುದಕ್ಕೆ ಪ್ರತಿ ವರ್ಷ ಪಾಲು ಕೊಡುತ್ತಿದ್ದವು. ಒಪ್ಪಂದ ಇನ್ನು ಕೆಲವೇ ವರ್ಷ. ಮುಗಿಯುವ ಲಾಭಕ್ಕೆ ಯಾರು ತಾನೇ ನಾಲ್ಕಕ್ಕಿಂತ ಹೆಚ್ಚು ಕೊಟ್ಟಾರು? ಓಡುವ ಗಿರಣಿಯನ್ನು ಮಲಗಿದ ಗಿರಣಿಯ ಪಕ್ಕ ನಿಲ್ಲಿಸಿದ್ದರು ಮಹಾರಾಯರು. ಅದನ್ನು ಹೊಡೆದುಹಾಕಿದೆ.

ಆಕೆಯ ತವರಿನವರು ಇನ್ನೊಂದು ತುದಿ ಹಿಡಿದರು. ಸವಡಿಯಿಂದ ಬಂದ ಆಕೆಯ ಕಾಕಾ ಮುಂಬಯಿಯ ದೊಡ್ಡ ಬಟ್ಟೆ ಗಿರಣಿಗಳ ಭಾವ ಅಚ್ಚಾದ ಪತ್ರಿಕೆಯನ್ನೇ ಹಿಡಿದು ತಂದಿದ್ದರು. ಹತ್ತಿ ಅಂದರೆ ಹತ್ತಿಯೇ ಅಲ್ಲವೇನು ಎಂದು ಅವರ ವಾದ. ನೂಲು ತೆಗೆದು ಬಟ್ಟೆ ನೇಯ್ದು ದೇಶವೆಲ್ಲ ಮಾರುವವರು ಬೇರೆ, ಬೀಜ ಬಿಡಿಸಿ ಕೂಲಿ ತೆಗೆದುಕೊಳ್ಳುವವರು ಬೇರೆ ಎಂದು ಅವರಿಗೆ ತಿಳಿಹೇಳುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಅದನ್ನೂ ಹೊಡೆದುಹಾಕಿದೆ.

ಕಡೆಗೆ ಉಳಿದದ್ದು ಗದಗಿನದೊಂದು, ಹುಬ್ಬಳ್ಳಿಯದೊಂದು. ಎರಡೂ ನಮ್ಮ ಹಾಗೇ ಬೀಜ ಬಿಡಿಸಿ ಅಂಡಿಗೆ ಕಟ್ಟುವವು. ಆ ವರ್ಷ ವ್ಯಾಪಾರಿಗಳ ನಡುವೆ ಅವುಗಳ ಷೇರು ಎಂಟು ಪಟ್ಟಿನ ಆಸುಪಾಸಿನಲ್ಲಿ ಕೈ ಬದಲಿಸಿದ್ದವು. ಆದರೆ ಎಂಟನ್ನು ಹಾಗೇ ಎತ್ತಿಡುವಂತಿರಲಿಲ್ಲ. ಅವು ನಮ್ಮ ನಾಲ್ಕು ಪಟ್ಟು ದೊಡ್ಡವು, ಸ್ಟೇಷನ್ನಿನ ಪಕ್ಕದವು. ಅಲ್ಲಿ ಒಂದು ಯಂತ್ರ ಕೆಟ್ಟರೆ ಇನ್ನೊಂದು ಓಡುತ್ತದೆ. ಇಲ್ಲಿ ಇರುವ ಒಂದು ಬಾಯ್ಲರು ಸುಗ್ಗಿಯಲ್ಲಿ ಕೈಕೊಟ್ಟರೆ ಆ ವರ್ಷದ ಲಾಭ ಹೋದಂತೆಯೇ. ಇದಕ್ಕೆ ಒಂದು ಪಟ್ಟು ಕಳೆದೆ. ಅವು ವರ್ಷ ವರ್ಷ ಯಂತ್ರ ಹೆಚ್ಚಿಸುತ್ತಿದ್ದವು. ಎಂಟು ಕೊಟ್ಟವನು ಇವತ್ತಿನ ಲಾಭಕ್ಕಷ್ಟೇ ಅಲ್ಲ, ಮುಂದೆ ಬೆಳೆಯುವುದಕ್ಕೂ ಸೇರಿಸಿ ಕೊಟ್ಟಿದ್ದ. ನಮ್ಮ ಗಿರಣಿ ಬೆಳೆಯುವ ಮಾತೇ ಇರಲಿಲ್ಲ. ಇನ್ನೊಂದು ಕಳೆದೆ. ಆರು ಪಟ್ಟು, ಷೇರಿಗೆ ನೂರಿಪ್ಪತ್ತು. ಒಂದೊಂದು ಪಟ್ಟು ಕಳೆದಾಗಲೂ ಆಕೆಯ ಗಂಟಿನಿಂದ ಸಾವಿರದಿನ್ನೂರು ನಾನೇ ಕಿತ್ತುಕೊಂಡಂತೆ ಅನಿಸುತ್ತಿತ್ತು. ಏಕೆ ಒಂದೊಂದು, ಏಕೆ ಅರ್ಧ ಅಲ್ಲ ಎಂದು ಯಾರಾದರೂ ಕೇಳಿದ್ದರೆ ತೂಕ ಮಾಡಿ ತೋರಿಸಲು ನನ್ನ ಹತ್ತಿರ ತಕ್ಕಡಿ ಇರಲಿಲ್ಲ. ಅದು ಅಂದಾಜು. ಓದಿದವನ ಅಂದಾಜು, ಅಷ್ಟೆ.

ಸಹಿ ಹಾಕುವ ಮೊದಲು ಆಕೆಗೆ ಹೇಳಿ ಬರೋಣವೆಂದು ಮನೆಗೆ ಹೋದೆ. ಆಕೆ ಬಾಗಿಲ ಹಿಂದೆ ನಿಂತೇ ಮಾತಾಡುತ್ತಿದ್ದರು, ಸೆರಗಿನ ಅಂಚಷ್ಟೇ ಕಾಣುತ್ತಿತ್ತು. ನೂರಿಪ್ಪತ್ತು ಎಂದೆ. ಏಳು ಸಾವಿರದ ಚಿಲ್ಲರೆಗೆ ಮಗ್ಗದ ಮನೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಲಾಭವೇ ಕಡಿಮೆ ಅಕ್ಕಾರ, ಡಿವಿಡೆಂಡೂ ಕಡಿಮೆ, ನಾನೇನು ಮಾಡಲಿ ಎಂದು ಗೊಣಗಿದೆ.

"ಡಿವಿಡೆಂಡ್ ಯಾರ ನೋಡತಿದ್ರು ಅಣ್ಣಾರ," ಎಂದರು. "ನಮ್ಮವರು ಇದ್ದಾಗ ಹತ್ತಿ ಅರ್ಧಾ ದರದಾಗ ಬಿಡಿಸ್ಕೊಂಡು ಬರತಿದ್ರು. ಮನಿ ಹತ್ತಿ ಅಲ್ಲೇನ್ರಿ. ಈಗ ಹೊಲಾನೂ ಇಲ್ಲ, ಹತ್ತೀನೂ ಇಲ್ಲ."

ನಾನು ಎದ್ದು ನಿಂತೆ. ವಾರವಿಡೀ ಗಿರಣಿಯ ತೂಕದ ಕಟ್ಟೆಯ ಬಳಿ, ಮನಿ ಹತ್ತಿನೋ ಹೊರಗಿನ ಹತ್ತಿನೋ ಎಂದು ಕೇಳುವುದನ್ನು ಕೇಳಿದ್ದೆ. ಅದು ಅವರ ಮಾತಿನ ರೂಢಿ, ನಮಸ್ಕಾರವಿದ್ದಂತೆ ಎಂದುಕೊಂಡಿದ್ದೆ. ಅಲ್ಲಿ ಯಾರೂ ಮುಚ್ಚಿಟ್ಟಿರಲಿಲ್ಲ. ಹೇಳುವಂಥದ್ದೆಂದೇ ಯಾರಿಗೂ ಅನಿಸಿರಲಿಲ್ಲ. ಬಳಗದವರು ಕೂಲಿಯಲ್ಲಿ ಅರ್ಧ ಉಳಿಸಿ, ತಮ್ಮ ಲಾಭವನ್ನು ಷೇರಿನ ಮೇಲೆ ಅಲ್ಲ, ಗಾಡಿಯ ಮೇಲೆ ಹೇರಿಕೊಂಡು ಒಯ್ಯುತ್ತಿದ್ದರು. ಗದಗ, ಹುಬ್ಬಳ್ಳಿಯ ಗಿರಣಿಗಳಲ್ಲಿ ಎಲ್ಲರಿಗೂ ಒಂದೇ ದರ. ಅವರ ಪೂರ್ತಿ ಲಾಭದ ಮೇಲೆ ಹುಟ್ಟಿದ ಪಟ್ಟನ್ನು ನಮ್ಮ ಅರೆಹೊಟ್ಟೆಯ ಲಾಭಕ್ಕೆ ಹಚ್ಚಿದ್ದೆ. ಅಯ್ಯೋ ಶಿವನೇ, ಸಹಿಗೆ ಇನ್ನು ಒಂದು ಗಳಿಗೆ ಇತ್ತು!

ಯಜಮಾನರಿಗೆ ಹೇಳಿದಾಗ ಅವರ ಮುಖ ಬಿಗಿಯಿತು. ಪೂರ್ತಿ ದರ ಹಾಕಿದರೆ ಅರ್ಧ ಬಳಗ ತಮ್ಮ ಹತ್ತಿಯನ್ನು ರೋಣದ ಕಡೆ ಹೊಡೆದುಕೊಂಡು ಹೋಗುತ್ತದೆ ಎಂದರು. ಸಿಟ್ಟಿನಲ್ಲಿ ಹೇಳಿದರೂ ಮಾತು ಖರೆ ಇತ್ತು. ಅದಕ್ಕೇ ರಿಯಾಯಿತಿಯನ್ನು ಪೂರ್ತಿ ಸೇರಿಸಲಿಲ್ಲ. ಬಿಟ್ಟುಹೋಗುವ ಹತ್ತಿಯನ್ನು ಕಳೆದು, ತೆರಿಗೆ ಕಳೆದು, ಮೂರು ಸಾವಿರವಷ್ಟೇ ಸೇರಿಸಿದೆ. ಹದಿನೈದು ಸಾವಿರವಾಯಿತು. ಷೇರಿಗೆ ಇಪ್ಪತ್ತೈದು, ಆರು ಪಟ್ಟು, ನೂರೈವತ್ತು. ಸಹಿ ಹಾಕಿದೆ. ಅಂದು ರೊಟ್ಟಿಗೆ ಯಾರೂ ಕರೆಯಲಿಲ್ಲ.

ಗೆದ್ದೆ ಎಂದು ಗದಗಿಗೆ ಬಂದರೆ ನಿಜವಾದ ಕಳವಳ ಆಮೇಲೆ ಶುರುವಾಯಿತು. ಯಜಮಾನರು ಕೊಳ್ಳುವುದಿಲ್ಲ ಎಂದುಬಿಟ್ಟರು. ನೀವೇ ಹೇಳಿದ ಬೆಲೆ, ನೀವೇ ಗಿರಾಕಿ ತನ್ನಿ ಎಂದು ಹೇಳಿಕಳಿಸಿದರು. ನನ್ನ ನೂರೈವತ್ತು ಬರೀ ಕಾಗದವಾಯಿತು. ಸಣ್ಣ ಊರಿನ ಇಷ್ಟು ಷೇರನ್ನು ಹೊರಗಿನವರು ಯಾರು ಕೊಂಡಾರು? ಮಗ್ಗದ ಮನೆಯವರು ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದಿದ್ದರು. ಎಂಬತ್ತನ್ನೇ ಬರೆದಿದ್ದರೆ ಆಕೆಗೆ ಅಷ್ಟಾದರೂ ಸಿಗುತ್ತಿತ್ತಲ್ಲ ಎಂದು ದಾರಿಯಲ್ಲಿ ನಡೆಯುವಾಗಲೂ ಒಬ್ಬನೇ ಮಾತಾಡಿಕೊಳ್ಳುತ್ತಿದ್ದೆ. ಕಡೆಗೆ ಗದಗಿನ ಹತ್ತಿ ದಲಾಲಿ, ಅಡತಿಯವರೊಬ್ಬರು ನನ್ನ ಲೆಕ್ಕ ಓದಿ, ನೋಡಿ ಬರುತ್ತೇನೆ ಎಂದರು. ಹೋದರು. ಗಿರಣಿಯಲ್ಲಿ ಸುತ್ತಾಡಿ ಒಂದೇ ಮಾತು ಕೇಳಿದರಂತೆ, ಈ ಮನಿ ಹತ್ತಿಯ ಲೆಕ್ಕ ಏನು ಎಂದು. ಕೊಳ್ಳುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ತಿಂಗಳ ಕೊನೆಯ ದಿನ ನಾನು ಗಜೇಂದ್ರಗಡದಲ್ಲಿ ಆಕೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಹೇಳಲು ಏನೂ ಇರಲಿಲ್ಲ, ಬರದಿರಲೂ ಆಗಿರಲಿಲ್ಲ. ಮಧ್ಯಾಹ್ನ ಯಜಮಾನರು ಬಳಗದ ನಾಲ್ವರೊಂದಿಗೆ ಬಂದರು. ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟು, ನನ್ನ ಮುಖ ನೋಡದೆ ನೋಟಿನ ಗಂಟು ಮುಂದೆ ಸರಿಸಿದರು. ಒಂಬತ್ತು ಸಾವಿರ.

"ನಾವೇ ಹಂಚಿಕೊಂಡು ತಗೋತೀವ್ರಿ," ಎಂದರು. "ಹೊರಗಿನವ ಒಳಗ ಬಂದ್ರ ಮನಿ ಹತ್ತಿ ದರ ಉಳೀತದೇನು?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲೆಕ್ಕಕ್ಕೇ ತಾರದ ದರವನ್ನು ಉಳಿಸಿಕೊಳ್ಳಲು ಒಂಬತ್ತು ಸಾವಿರ ತಂದು ಸುರಿದಿದ್ದರು.

ಆಗ ಬಾಗಿಲ ಹಿಂದಿನ ಸೆರಗು ಅಲ್ಲಾಡಿತು. ಆಕೆ ಹೊಸ್ತಿಲು ದಾಟಿ ಹೊರಗೆ ಬಂದರು. ಅಷ್ಟು ವರ್ಷದಲ್ಲಿ ಭಾವನ ಎದುರು ಬಂದು ನಿಂತದ್ದು ಅದೇ ಮೊದಲಂತೆ. ಗಂಟು ಎತ್ತಿಕೊಂಡು ನೇರ ಅವರಿಗೇ ಹೇಳಿದರು.

"ಭಾವಾರ, ನಾ ಇಷ್ಟ ದಿನ ಒಳಗಿನಾಕಿ ಇದ್ದೆ. ನನ್ನ ಪಾಲಿನ ದರ ಹೋದಾಗ ಈ ಹೆದರಿಕಿ ನಿಮಗ ಯಾಕ ಬರಲಿಲ್ಲ?"

ಯಜಮಾನರು ರುಮಾಲು ಸುತ್ತಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು.