ಅತಿಥಿಗಳಿಗಿಂತ ಮೊದಲು ಊದಿದ ಸೀಟಿ

ಕುಮಟೆಯ ಡ್ರಿಲ್ ಮಾಸ್ತರ ಜಟ್ಟಪ್ಪ ಪಟಗಾರರ ಅರ್ಧ ಆಯುಷ್ಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮುಖ್ಯ ಅತಿಥಿಗಳ ದಾರಿ ಕಾಯುವುದರಲ್ಲೇ ಕಳೆದಿತ್ತು. ಧ್ವಜ ಹಾರಿಸಲು ಅತಿಥಿ, ಗಿಡ ನೆಡಲು ಅತಿಥಿ. ಗಿಡವಾದರೂ ನೆರಳಲ್ಲಿರುತ್ತಿತ್ತು, ಮಕ್ಕಳಿಗೆ ಅದೂ ಇಲ್ಲ.

ಎಂಬತ್ಮೂರನೇ ಇಸವಿಯಲ್ಲಿ ಊರಿನ ಸೇವಾಸಂಘದವರಿಗೆ ಓಟದ ಹುಚ್ಚು ಹಿಡಿಯಿತು. ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಮಂಚ ಕೊಡಿಸಲು ಸಹಾಯಾರ್ಥ ಓಟ, ಕಾಗಾಲ ರಸ್ತೆಯಲ್ಲಿ ಕವಲಿನವರೆಗೆ ಹೋಗಿ ತಿರುಗಿ ಬರುವುದು. ಬೆಳಿಗ್ಗೆ ಆರೂವರೆಗೆ ಶುರುವಾಗಬೇಕಿದ್ದ ಓಟ, ಅತಿಥಿಗಳ ತಿಂಡಿ ಮುಗಿದು ಶುರುವಾಗುವಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಅಷ್ಟರಲ್ಲಿ ದಾರಿಯ ಹಂಡೆಗಳ ನೀರನ್ನು ಕಾವಲಿದ್ದವರೇ ಕುಡಿದು ಮುಗಿಸಿದ್ದರು. ತಿರುವು ತಿರುವಿಗೆ ನಿಲ್ಲಿಸಿದ್ದ ಸಂಘದ ತರುಣರು ಅತಿಥಿಗಳ ಜೊತೆ ಫೋಟೊಗೆ ನಿಲ್ಲಲು ಮೈದಾನಕ್ಕೆ ಓಡಿಬಂದಿದ್ದರು. ಆ ದಿನ ಚೆನ್ನಾಗಿ ಓಡಿದವರೆಂದರೆ ಅವರೇ.

ಎಂಟನೇ ಇಯತ್ತೆಯ ನರ್ಮದಾ ಕವಲಿನ ಹತ್ತಿರ ಕಣ್ಣುಕತ್ತಲೆ ಬಂದು ಬಿದ್ದಳು. ಹೇಳುವವರು ಕೇಳುವವರು ಒಬ್ಬರೂ ಇಲ್ಲ. ಮೀನುಬುಟ್ಟಿ ಹೊತ್ತು ಬರುತ್ತಿದ್ದ ತಿಮ್ಮಕ್ಕ ಕಂಡು, ನೀರು ಹಾಕಿ ಎಬ್ಬಿಸಿದಳು. ಸಂಜೆ ಮಾಸ್ತರರು ತಪ್ಪಾಯಿತೆನ್ನಲು ಹುಡುಗಿಯ ಮನೆಗೆ ಹೋದರೆ ತಾಯಿ ದುರ್ಗಮ್ಮ ಒಂದು ಮಾತೂ ಆಡದೆ ಚಾ ತಂದಿಟ್ಟು ಒಳಗೆ ಹೋದಳು. ಬೈದಿದ್ದರೆ ಕುಡಿಯಬಹುದಿತ್ತು. ಚಾ ಹಾಗೇ ಆರಿತು. ಇನ್ನು ಒಂದು ಮಗುವನ್ನೂ ಬಿಸಿಲಿಗೆ ಬೀಳಿಸುವುದಿಲ್ಲ ಎಂದು ಮಾಸ್ತರರು ಅಂದೇ ನಿಶ್ಚಯಿಸಿದರು.

ಮರುವರ್ಷ ಸಂಘದ ಅಧ್ಯಕ್ಷ, ಜವಳಿ ಅಂಗಡಿಯ ವಿಘ್ನೇಶ್ವರ ಶಾನಭಾಗರು ಮತ್ತೆ ಕರೆದರು. "ಮಾಸ್ತರೆ, ಈ ಸಲ ಎಲ್ಲಾ ನಿಮ್ಮ ಮನಸ್ಸಿಗೆ ಬಂದ ಹಾಗೆ. ನಾನೂ ಓಡ್ತೆ."

ಮಾಸ್ತರರು ಸಂಘದ ತರುಣರನ್ನು ನಯವಾಗಿ ಕುರ್ಚಿ ಹಾಕುವ ಕೆಲಸಕ್ಕೆ ಅಟ್ಟಿದರು. ನೀರಿನ ಹಂಡೆಗಳನ್ನು ಹತ್ತಿರದ ಮನೆಯ ಹೆಂಗಸರಿಗೆ ಒಪ್ಪಿಸಿ, ಓಡುವವರಿಗಲ್ಲದೆ ಬೇರೆಯವರಿಗೆ ಒಂದು ಲೋಟವೂ ಕೊಡಬಾರದೆಂದರು. ಕವಲಿನಲ್ಲಿ ಕೆಂಪು ಬಟ್ಟೆ ಕೊಟ್ಟು ತಿಮ್ಮಕ್ಕನನ್ನು ನಿಲ್ಲಿಸಿದರು. ಕೊನೆಯವನ ಹಿಂದೆ ತಾನು ಸೈಕಲ್ಲಿನಲ್ಲಿ ಬರುತ್ತೇನೆ, ಅಲ್ಲಿಯವರೆಗೆ ಒಂದು ಗಾಡಿಯನ್ನೂ ಊರ ಕಡೆ ಬಿಡಬೇಡ ಎಂದರು. ಪೊಲೀಸರಿಂದ ಒಪ್ಪಿಗೆಯೂ ಸಿಕ್ಕಿತು.

ಈ ಸಲದ ಮುಖ್ಯ ಅತಿಥಿ, ಮಂಚಗಳಿಗೆ ದೊಡ್ಡ ದೇಣಿಗೆ ಬರೆದಿದ್ದ ಹೆಗಡೆಯವರು, ಕಾಗಾಲದಿಂದ ಅದೇ ರಸ್ತೆಯಲ್ಲಿ ಬರಬೇಕು ಎಂಬುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ಅತಿಥಿ ಬರುವ ಮೊದಲೇ ಆ ಊರಿನಲ್ಲಿ ಏನಾದರೂ ಶುರುವಾದದ್ದಿದ್ದರೆ ತಾನೇ?

ಆರೂವರೆ ಆಯಿತು. ಅತಿಥಿಗಳ ಸುಳಿವಿಲ್ಲ.

"ಹತ್ತೇ ನಿಮಿಷ, ಮಾಸ್ತರೆ," ಎಂದರು ಬಿಳಿ ಚಡ್ಡಿಯ ಶಾನಭಾಗರು.

ಮಾಸ್ತರರು ಸಾಲಿನಲ್ಲಿದ್ದ ನರ್ಮದೆಯ ಕಡೆ ನೋಡಿದರು. ಸೀಟಿ ಊದಿಯೇಬಿಟ್ಟರು. ಮಕ್ಕಳು ಹೋ ಎಂದು ಓಡಿದರು. ಫೋಟೊದವನು ಎದುರಿಗಿದ್ದುದರಿಂದ ಅಧ್ಯಕ್ಷರೂ ಓಡಲೇಬೇಕಾಯಿತು.

ಮಕ್ಕಳೆಲ್ಲ ನೀರು ಕುಡಿದು, ಕವಲಿನಲ್ಲಿ ತಿರುಗಿ, ಊರ ಕಡೆ ಹೋಗಿಯೂ ಆಯಿತು. ಆಮೇಲೆ ಹೆಗಡೆಯವರ ಅಂಬಾಸಿಡರ್ ಬಂತು. ತಿಮ್ಮಕ್ಕ ರಸ್ತೆಯ ನಡುವೆ ನಿಂತು ಕೆಂಪು ಬಟ್ಟೆ ಹಿಡಿದಳು.

"ನಾನು ಮುಖ್ಯ ಅತಿಥಿ," ಎಂದರು ಹೆಗಡೆಯವರು.

"ಆತು. ಓಡೋರು ಮುಗೀಲಿ."

"ಇನ್ನು ಯಾರಿದ್ದಾರೆ?"

ತಿಮ್ಮಕ್ಕ ಕೈ ತೋರಿಸಿದಳು. ಸ್ವಲ್ಪ ಆಚೆ, ನೀರಿನ ಹಂಡೆಯ ಪಕ್ಕ, ಅಧ್ಯಕ್ಷರು ಬೂಟು ಬಿಚ್ಚಿ ಕೂತಿದ್ದರು. ಪಕ್ಕದಲ್ಲಿ ಸೈಕಲ್ ಹಿಡಿದ ಮಾಸ್ತರರು. ಕಾರು ಕಂಡದ್ದೇ ಶಾನಭಾಗರಿಗೆ ಜೀವ ಬಂತು. ಬರಿಗಾಲಲ್ಲೇ ಬಂದು ಬಾಗಿಲಿಗೆ ಕೈ ಹಾಕಿದರು.

"ಓಟ ಬಿಟ್ಟೆ ಅಂತ ಒಂದು ಮಾತು ಹೇಳಿ, ಈಗ್ಲೇ ರಸ್ತೆ ಬಿಡುವಾ," ಎಂದರು ಮಾಸ್ತರರು.

ಹೆಗಡೆಯವರು ಕಿಟಕಿಯಿಂದ ನೋಡುತ್ತಿದ್ದರು. ಅಧ್ಯಕ್ಷರಿಗೆ ಬಿಟ್ಟೆ ಎನ್ನಲು ಬಾಯಿ ಬರಲಿಲ್ಲ. ಬೂಟು ಕೈಯಲ್ಲಿ ಹಿಡಿದು ನಡೆದರು. ಅವರ ಹಿಂದೆ ಮಾಸ್ತರರ ಸೈಕಲ್ಲು, ಅದರ ಹಿಂದೆ ಅಂಬಾಸಿಡರ್ ಊರವರೆಗೂ ತೆವಳಿಕೊಂಡು ಬಂದವು. ಜಟ್ಟಪ್ಪನವರಿಗೆ ಹೊಟ್ಟೆ ತುಂಬಾ ಖುಷಿಯಾಯಿತು, ಮುಖ ಮಾತ್ರ ಡ್ರಿಲ್ಲಿನಲ್ಲಿದ್ದಂತೆ ಬಿಗಿಯಾಗಿತ್ತು.

ಮೈದಾನ ಖಾಲಿ. ಮಕ್ಕಳು ಅವಲಕ್ಕಿ ತಿಂದು ಮನೆಗೆ ಹೊರಟಾಗಿತ್ತು. ಆದರೂ ಶಾನಭಾಗರು ಮೈಕು ಹಿಡಿದು, ಸಮಯಪಾಲನೆಯೇ ನಮ್ಮ ಸಂಘದ ಉಸಿರು, ಕೊನೆಯ ಓಟಗಾರನನ್ನೂ ಹುರಿದುಂಬಿಸುತ್ತ ಬಂದ ದೊಡ್ಡ ಮನಸ್ಸು ಹೆಗಡೆಯವರದು ಎಂದು ಕುರ್ಚಿಗಳಿಗೆ ತಿಳಿಸಿದರು. ಸಾಲಾಗಿ ನಿಂತ ಸಂಘದ ತರುಣರು ಚಪ್ಪಾಳೆ ತಟ್ಟಿದರು. ಮುಂದಿನ ವರ್ಷ ಓಟದ ಹೊಣೆ ಬೇರೆಯವರಿಗೆ ಎಂಬುದು ಅಲ್ಲೇ ತೀರ್ಮಾನವಾಯಿತು.

ಮಾಸ್ತರರು ಅದನ್ನು ಕೇಳಿಸಿಕೊಳ್ಳಲಿಲ್ಲ. ಗೇಟಿನ ಹತ್ತಿರ ನರ್ಮದಾ ಒಬ್ಬಳು ಇನ್ನೂ ಮನೆಗೆ ಹೋಗದೆ ನೆಟ್ಟಗೆ ನಿಂತಿದ್ದಳು. ಅವಳ ತಾಯಿ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೆರಗು ಸರಿಮಾಡಿಕೊಂಡು ಇವರ ಬಳಿ ಬಂದಳು.

"ಮಾಸ್ತರೆ," ಎಂದಳು ದುರ್ಗಮ್ಮ, "ಚಾ ಕುಡೂಕೆ ಮನಿಗೆ ಬನ್ನಿ."